ಚಿಂತನದ ದಿನ ಹೇಳಿದ ನಿನ್ನ ಕಥೆ

ಅಪ್ಪಾ,

ಇವತ್ತು ಸಂಜೆ ಹೊಸಪೇಟೆಯಿಂದ ಬರುವಾಗ ಬಸ್ಸು ಕಾಲುವೆಯ ಸೇತುವೆ ಹತ್ತಿತು. ಎಂದಿನ ಹಾಗೆ ನಾನು ತಲೆ ತಗ್ಗಿಸಿ ಕೂರಲಿಲ್ಲ, ಕಿಟಕಿಯಿಂದ ನೀರು ನೋಡಿದೆ. ಮಣ್ಣಿನ ಬಣ್ಣದ ನೀರು ತುಂಬಿ ಹೋಗುತ್ತಿತ್ತು, ಸದ್ದೇ ಇಲ್ಲದೆ. ನಾನು ಪಿಯುಸಿಗೆ ಸೇರಿದ್ದು, ದಿನವೂ ಈ ನೀರನ್ನು ದಾಟಿ ಹೋಗಿ ಬರುವುದು, ಇದ್ಯಾವುದೂ ನಿನಗೆ ಗೊತ್ತಿಲ್ಲ ಅಲ್ಲವೇ? ಗೊತ್ತಿಲ್ಲದ ಇನ್ನೊಂದು ದೊಡ್ಡ ಸಂಗತಿ ಇದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ, ಎಲ್ಲರೆದುರು ಮೈಕ್ ಹಿಡಿದು ನಿನ್ನ ಕಥೆ ಹೇಳಿದೆ. ನೀನು ಕೇಳಿಸಿಕೊಂಡೆಯೋ ಇಲ್ಲವೋ... ಅದಕ್ಕೇ ಈಗ ಬರೆಯುತ್ತಿದ್ದೇನೆ.

ನೀನು ಹೋದ ದಿನವನ್ನು ನಾನು ಕಣ್ಣಾರೆ ನೋಡಲಿಲ್ಲ. ಬೇರೆಯವರು ಹೇಳಿದ ಚೂರುಗಳನ್ನು ಜೋಡಿಸಿಕೊಂಡು ನೋಡಿದವಳು. ಎಮ್ಮೆಗೆ ಹುಲ್ಲು ಕೊಯ್ದು, ಹೊರೆಯನ್ನು ಮೊಪೆಡ್ಡಿನ ಹಿಂದೆ ಹಗ್ಗದಿಂದ ಬಿಗಿದುಕೊಂಡು ನೀನು ಕಾಲುವೆ ಏರಿಯ ಮೇಲೆ ಬರುತ್ತಿದ್ದೆ. ನಮ್ಮ ಓಣಿಯ ಹಿಂದಿನ ಹುಲಿಗೆಮ್ಮನ ಮಗ ವೀರೇಶ ಶಾಲೆ ಬಿಟ್ಟು ಬರುವಾಗ ನೀರಿನ ಅಂಚಿಗಿಳಿದು ಕೆಸರುಗಾಲು ತೊಳೆಯುತ್ತಿದ್ದ. ಇಳಿಜಾರಿನ ಸಿಮೆಂಟಿನ ಮೇಲೆ ಪಾಚಿ ಕಟ್ಟಿತ್ತು. ಜಾರಿದ. ನೀನು ಗಾಡಿ ನಿಲ್ಲಿಸಿ, ಚಪ್ಪಲಿಯನ್ನೂ ಬಿಡದೆ ಹಾರಿದೆ. ಪಕ್ಕದ ಗದ್ದೆಯಲ್ಲಿ ಭತ್ತದ ನಾಟಿಗೆ ಬಾಗಿದ್ದ ಹೆಂಗಸರು ಕೂಗು ಕೇಳಿ ಓಡಿ ಬಂದರು. ಹುಲಿಗೆಮ್ಮ ಅವರಲ್ಲೇ ಇದ್ದಳು. ತಲೆಗೆ ಸುತ್ತಿಕೊಂಡಿದ್ದ ಬಟ್ಟೆ, ಸೊಂಟಕ್ಕೆ ಬಿಗಿದಿದ್ದ ಹಳೇ ಸೀರೆ, ಎಲ್ಲವನ್ನೂ ಗಂಟು ಹಾಕಿ ಎಸೆದರು. ನೀನು ಹುಡುಗನನ್ನು ಅಂಚಿನ ಕಡೆಗೆ ದೂಡಿದೆ, ಅವನು ಸೀರೆ ಹಿಡಿದ. ಅವರು ಅವನನ್ನು ಎಳೆದು ಹಾಕಿ, ಮತ್ತೆ ಎಸೆಯಲು ಸೀರೆ ಎತ್ತುವಷ್ಟರಲ್ಲಿ ಹಿಡಿಯಲು ನೀನಿರಲಿಲ್ಲ. ಮರುದಿನ ಕೆಳಗಿನ ತೂಬಿನ ಹತ್ತಿರ...

ಸುದ್ದಿ ಕೇಳಿ ಓಡಿಹೋದವರೆಲ್ಲ ಒಂದು ಮಾತು ಹೇಳುತ್ತಿದ್ದರು: ಏರಿಯ ಮೇಲೆ ನಿನ್ನ ಗಾಡಿ ಇನ್ನೂ ಚಾಲೂ ಇತ್ತಂತೆ. ಸ್ಟ್ಯಾಂಡಿನ ಮೇಲೆ ನಿಂತು, ಹುಲ್ಲಿನ ಹೊರೆ ಹೊತ್ತುಕೊಂಡು, ಒಂದೇ ಸಮನೆ ಗುಟುಗುಟು ಎನ್ನುತ್ತಿತ್ತಂತೆ. ಯಾರೋ ಅದನ್ನು ಬಂದ್ ಮಾಡಿದರು. ಆದರೆ ನನ್ನ ಕಿವಿಯಲ್ಲಿ ಬಂದ್ ಮಾಡುವವರು ಯಾರು? ಲೆಕ್ಕ ಬಿಡಿಸುವಾಗ, ಬಟ್ಟೆ ಒಣಗಿಸುವಾಗ, ಹಿಟ್ಟಿನ ಗಿರಣಿಯ ಮುಂದೆ ಸರದಿಗೆ ನಿಂತಾಗ ಅದು ಕೇಳುತ್ತಿತ್ತು. ಮನೆ ಮುಂದೆ ಯಾವುದಾದರೂ ಮೊಪೆಡ್ ನಿಂತರೆ ಅವ್ವ ಏನೂ ಯೋಚಿಸದೆ ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದಳು. ಇಟ್ಟ ಮೇಲೆ ನೆನಪಾಗುತ್ತಿತ್ತು. ನಾವಿಬ್ಬರೂ ಆ ಚಹಾ ಕುಡಿಯುತ್ತಿದ್ದೆವು, ಒಬ್ಬರ ಮುಖ ಒಬ್ಬರು ನೋಡದೆ.

ಶಾಲೆಗೆ ಮತ್ತೆ ಹೋದ ದಿನ ನಾನು ಮೊದಲು ಹುಡುಕಿದ್ದು ವೀರೇಶನನ್ನು. ನಮ್ಮ ಶಾಲೆ ನಿನಗೆ ಗೊತ್ತಲ್ಲ, ಒಂದನೇ ತರಗತಿಯಿಂದ ಹತ್ತರವರೆಗೂ ಒಂದೇ ಅಂಗಳ. ಆರನೇ ತರಗತಿಯ ಸಾಲಿನಲ್ಲಿ ಅವನು ನಿಂತಿದ್ದ. ಮುಂದಿನವನಿಗೂ ಅವನಿಗೂ ನಡುವೆ ಒಂದಾಳು ನಿಲ್ಲುವಷ್ಟು ಜಾಗ ಬಿಟ್ಟಿದ್ದ. ನನ್ನನ್ನು ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದ. ಕಬಡ್ಡಿಯಲ್ಲಿ ಹುಡುಗರು ಅವನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಇವನ ಕೈ ಹಿಡಿದರೆ ಮುಳುಗಿಸ್ತಾನೆ ಎಂದು ಯಾರೋ ಒಬ್ಬ ಅಂದದ್ದು ಆಟದ ಮಾತಾಗಿ ಹೋಗಿತ್ತು. ಹುಲಿಗೆಮ್ಮ ನಮ್ಮ ಓಣಿಯನ್ನೇ ಬಿಟ್ಟು, ಕೆರೆ ಕಡೆಯಿಂದ ಸುತ್ತು ಹಾಕಿ ಮನೆಗೆ ಹೋಗುತ್ತಿದ್ದಳು. ನಾನು ಅವನ ಮೇಲೆ ಸಿಟ್ಟಾಗಬೇಕಿತ್ತೇ? ಸಿಟ್ಟಿತ್ತು. ಆದರೆ ಅದು ಅವನ ಮೇಲಲ್ಲ ಎಂಬುದು ತಿಳಿಯಲು ಬಹಳ ದಿನ ಬೇಕಾಯಿತು.

ಪ್ರಾರ್ಥನೆಯ ಜವಾಬ್ದಾರಿ ಹತ್ತನೇ ತರಗತಿಗೆ ಬಂದ ವಾರ, ಚಿಂತನದ ಸರದಿ ಹಾಜರಿ ಸಂಖ್ಯೆಯಂತೆ ನನಗೆ ಬಂತು. ನೀನು ಓದಿದ ಕಾಲದಲ್ಲಿ ಪ್ರಾರ್ಥನೆ ಎಂದರೆ ಒಂದು ಹಾಡು, ಆಮೇಲೆ ತರಗತಿ, ಅಷ್ಟೇ ಎನ್ನುತ್ತಿದ್ದೆ. ನಮ್ಮಲ್ಲಿ ಹಾಗಲ್ಲ ಅಪ್ಪ. ಗಂಟೆ ಹೊಡೆದ ಮೇಲೆ ಕುಳ್ಳರು ಮುಂದೆ, ಎತ್ತರದವರು ಹಿಂದೆ, ಮುಂದಿನವರ ಹೆಗಲಿಗೆ ಕೈ ಚಾಚಿ ಅಂತರ ನೋಡಿಕೊಂಡು ಸಾಲು ಕಟ್ಟಬೇಕು. ಸಾವಧಾನ್, ವಿಶ್ರಾಮ್ ಹೇಳಲು ಒಬ್ಬರು. ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ ಆದ ಮೇಲೆ ಒಬ್ಬರು ಪತ್ರಿಕೆಯ ಸುದ್ದಿ ಓದುತ್ತಾರೆ, ಇನ್ನೊಬ್ಬರು ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳುತ್ತಾರೆ. ಅದಾದ ಮೇಲೆ ಚಿಂತನ. ಕೊನೆಗೆ ರಾಷ್ಟ್ರಗೀತೆ. ಚಿಂತನವೆಂದರೆ ಮೂರು ನಿಮಿಷದ ಭಾಷಣ. ಬಿಸಿಲಿನಲ್ಲಿ ಸಣ್ಣ ಮಕ್ಕಳು ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ತಲೆ ಸುತ್ತಿ ಕೂರುತ್ತಾರೆ.

ಕನ್ನಡದ ಸುಮಂಗಲಾ ಮೇಡಂ ನಮಗೆ ಚಿಂತನ ಹೇಗೆ ಮಾಡಬೇಕೆಂದು ಕಲಿಸಿದ್ದು ನೆನಪಿದೆ. ನಮಸ್ಕಾರ ಒಂದೇ ವಾಕ್ಯದಲ್ಲಿ ಮುಗಿಯಬೇಕು. ವೇದಿಕೆಯ ಮೇಲಿದ್ದವರ ಹೆಸರನ್ನೆಲ್ಲ ಹೇಳುತ್ತಾ ಕೂರುವಂತಿಲ್ಲ. ಒಂದೇ ಕಥೆ, ಅದರಲ್ಲಿ ಆದಷ್ಟು ಕಡಿಮೆ ಜನ. ಕೊನೆಯಲ್ಲಿ ಒಂದೇ ಮಾತು, ಒಂದನೇ ತರಗತಿಯ ಮಗು ಮನೆಗೆ ಹೋಗಿ ಅವ್ವನಿಗೆ ಹೇಳುವಂಥದ್ದು. ಚೀಟಿ ನೋಡುವಂತಿಲ್ಲ. ಮೈಕನ್ನು ಬಾಯಿಂದ ಗೇಣು ದೂರ ಹಿಡಿಯಬೇಕು, ಕಣ್ಣು ಕೊನೆಯ ಸಾಲಿನ ಮೇಲಿರಬೇಕು. ಮರುದಿನ ಮೇಡಂ ಮೈಕಿನ ಮುಂದೆ ನಿಂತು, ನಿನ್ನೆ ಅಕ್ಕ ಏನು ಹೇಳಿದಳು ಎಂದು ಸಣ್ಣ ಮಕ್ಕಳನ್ನು ಕೇಳುತ್ತಿದ್ದರು. ಮಕ್ಕಳಿಗೆ ನೆನಪಿದ್ದರೆ ಚಿಂತನ ಗೆದ್ದಂತೆ. ಬರೀ ಕಥೆ ನೆನಪಿದ್ದು ಮಾತು ಮರೆತಿದ್ದರೆ ಅರ್ಧ ಗೆದ್ದಂತೆ.

ಆ ವಾರದ ವಿಷಯವನ್ನು ಹೆಡ್‌ಮಾಸ್ಟರ್ ಹಲಗೆಯ ಮೇಲೆ ಬರೆಸಿದ್ದರು: ಪರೋಪಕಾರ. ನನ್ನನ್ನು ಕರೆದು, ನಿಮ್ಮ ತಂದೆಯ ಕಥೆಯನ್ನೇ ಹೇಳು, ಬೇರೆ ಯಾಕೆ ಹುಡುಕುತ್ತಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ಬರೆದೆ. ಪರರಿಗಾಗಿ ಪ್ರಾಣವನ್ನೇ ಅರ್ಪಿಸಿದ ತಂದೆ, ದೀಪದಂತೆ ಉರಿದು ಬೆಳಕು ಕೊಟ್ಟವನು, ನಾವೂ ಹಾಗೆ ಬಾಳೋಣ. ಬಾಯಿಪಾಠ ಮಾಡಿ ಸ್ಟಾಫ್ ರೂಮಿನ ಪಡಸಾಲೆಯಲ್ಲಿ ಮೇಡಂ ಮುಂದೆ ಹೇಳಿದೆ. ಒಂದು ಕಡೆಯೂ ತಡವರಿಸಲಿಲ್ಲ. ಅವರು ಹಾಳೆ ಇಸಿದುಕೊಂಡು ಇನ್ನೊಮ್ಮೆ ಓದಿದರು.

"ಚಂದ ಬರ್ದಿ ರೇಣುಕಾ. ಆದ್ರ ಇದರಾಗ ನಿಮ್ಮಪ್ಪ ಎಲ್ಲ್ಯದಾನ?" ಎಂದು ಕೇಳಿದರು.

ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಆರನೇತ್ತ ಸಾಲಿನಾಗ ಆ ಹುಡುಗ ನಿಂತಿರ್ತಾನವಾ. ನೀ ಮೈಕಿನಾಗ ನಮ್ಮಪ್ಪ ಪ್ರಾಣ ಕೊಟ್ಟ ಅಂತ ಹೇಳ್ತಿ. ಅದನ್ನ ಹೊತ್ಕೊಂಡು ಅಂವ ಎಲ್ಲಿಗೆ ಹೋಗ್ಬೇಕು?"

ಹೇಳುವುದು ಬೇಡವೆಂದರೆ ಬೇರೆ ಕಥೆ ಕೊಡುತ್ತೇನೆ ಎಂದೂ ಅಂದರು. ಇಂಥದ್ದನ್ನು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ, ಹೆಡ್‌ಮಾಸ್ಟರಿಗೆ ನಾನು ಹೇಳಿಕೊಳ್ಳುತ್ತೇನೆ ಎಂದರು. ಇನ್ನೆರಡು ದಿನ ಸಮಯವಿತ್ತು.

ಅವತ್ತು ಮನೆಗೆ ಬಂದಾಗ ಅವ್ವ ಎಮ್ಮೆಗೆ ಮೇವು ಹಾಕುತ್ತಿದ್ದಳು. ನಾನು ಬರೆದದ್ದನ್ನು ಅವಳ ಮುಂದೆ ಹೇಳಿದೆ. ನೀನು ಹೋದ ಮೇಲೆ ನಾವು ನಿನ್ನ ಬಗ್ಗೆ ಮಾತಾಡಿದ್ದೇ ಕಡಿಮೆ, ಅಪ್ಪ. ಬಂದವರು ಹೊಗಳುವಾಗ ಅವ್ವ ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು. ಅವತ್ತು ಮಾತ್ರ ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ದೊಡ್ಡ ಮನಸಿನವ ಅಂತ ನಂಗ ಗೊತ್ತಿಲ್ಲೇನು? ನಂಗ ಬೇಕಿದ್ದಿದ್ದು ಅಂವ ಮನಿಗೆ ಬರೋದು. ಹಗ್ಗ ಅಲ್ಲೇ ಇತ್ತಲ್ಲವಾ, ಗಾಡಿ ಮ್ಯಾಲ. ಬಿಚ್ಚಿ ಒಂದು ತುದಿ ಗಾಡಿಗೆ ಕಟ್ಟಿ, ಇನ್ನೊಂದು ತುದಿ ಎಸೆದಿದ್ರ..." ಎಂದಳು. ಮತ್ತೆ ಹುಲ್ಲು ಎತ್ತಿಕೊಂಡು ಎಮ್ಮೆಯ ಕಡೆ ತಿರುಗಿದಳು.

ಅಷ್ಟು ದಿನ ನನ್ನೊಳಗೆ ಕುದಿಯುತ್ತಿದ್ದ ಸಿಟ್ಟು ಯಾರ ಮೇಲಿತ್ತೆಂದು ಆಗ ತಿಳಿಯಿತು. ನಿನ್ನ ಮೇಲೆ. ನೀನು ಮಲಪನಗುಡಿಯಲ್ಲಿ ಬೆಳೆದವನು, ಹುಡುಗನಾಗಿದ್ದಾಗ ಅಲ್ಲಿನ ಬಾವಿಗೆ ಮೇಲಿಂದ ಹಾರಿ ಈಜಿದವನು. ಆ ಧೈರ್ಯ ನಿನ್ನಲ್ಲಿ ಉಳಿದಿತ್ತು. ಆದರೆ ಬಾವಿಯ ನೀರು ನಿಂತ ನೀರು, ಹತ್ತಲು ಮೆಟ್ಟಿಲಿರುತ್ತವೆ. ಕಾಲುವೆಯ ನೀರು ಎಳೆದುಕೊಂಡು ಹೋಗುತ್ತದೆ, ಅಂಚಿಗೆ ಬಂದರೂ ಪಾಚಿಯ ಮೇಲೆ ಕೈ ನಿಲ್ಲುವುದಿಲ್ಲ. ಇದು ನಿನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನನಗೇ ಎಷ್ಟು ಸಲ ಹೇಳಿದ್ದೆ, ಅಲ್ಲಿ ಇಳಿಯಬೇಡ ಎಂದು. ಮಗು ಮುಳುಗುವುದನ್ನು ಕಂಡ ಆ ಕ್ಷಣ ಯಾವುದೂ ನೆನಪಾಗಲಿಲ್ಲ. ನನಗಾದರೂ ಆಗುತ್ತಿತ್ತೇ?

ಮರುದಿನ ಪಡಸಾಲೆಯಲ್ಲಿ ಮೇಡಂ ಜೊತೆ ಕೂತು ಮತ್ತೆ ಬರೆದೆ. ದೀಪ ಹೋಯಿತು, ಅರ್ಪಣೆ ಹೋಯಿತು. ನಿನ್ನ ಗಾಡಿ ಬಂತು, ಹುಲ್ಲು ಬಂತು, ಪಾಚಿ ಬಂತು. ಕಥೆಯಲ್ಲಿ ಹುಡುಗನ ಹೆಸರು ಬೇಡ ಎಂದರು ಮೇಡಂ, ಹೇಗೂ ಎಲ್ಲರಿಗೂ ಗೊತ್ತು, ಆದರೆ ಹೆಸರು ಕೇಳಿದರೆ ಎಲ್ಲರ ಕಣ್ಣು ಅವನ ಮೇಲೆ ಬೀಳುತ್ತದೆ. ಕೊನೆಯ ಮಾತಿಗೆ ಬಹಳ ಹೊತ್ತು ಹಿಡಿಯಿತು. ಎಚ್ಚರದಿಂದಿರಿ ಎಂದು ಬರೆದೆ. ಅದನ್ನು ಮಗು ಹೇಗೆ ಮಾಡಿ ತೋರಿಸುತ್ತದೆ ಎಂದು ಕೇಳಿದರು. ಹೊಡೆದು ಹಾಕಿದೆ. ವೀರೇಶನನ್ನು ಮೊದಲೇ ಕರೆದು, ನಾಳೆ ರೇಣುಕಾ ಅಕ್ಕ ತನ್ನ ಅಪ್ಪನ ಬಗ್ಗೆ ಹೇಳುತ್ತಾಳೆ, ನಿನಗೆ ಬೇಡವೆಂದರೆ ಆ ಹೊತ್ತು ನನ್ನ ಜೊತೆ ಒಳಗೆ ಕೂರಬಹುದು ಎಂದು ಮೇಡಂ ತಿಳಿಸಿದರು. ಅವನು ಸಾಲಿನಲ್ಲೇ ನಿಲ್ಲುತ್ತೇನೆ ಅಂದನಂತೆ.

ನನ್ನ ಹೆಸರು ಕರೆದಾಗ ಅಂಗಳದಲ್ಲಿ ಗಾಳಿಯೇ ಇರಲಿಲ್ಲ. ಮೈಕ್ ಒಮ್ಮೆ ಕೀರಲು ದನಿಯಲ್ಲಿ ಕೂಗಿ ಸುಮ್ಮನಾಯಿತು. ಗುರುಗಳಿಗೂ ಗೆಳೆಯ ಗೆಳತಿಯರಿಗೂ ನಮಸ್ಕಾರ ಎಂದೆ. ನನ್ನ ದನಿ ನೀರಿನ ಟ್ಯಾಂಕಿಗೆ ಬಡಿದು ನನಗೇ ವಾಪಸ್ ಬಂತು, ಬೇರೆ ಯಾರದ್ದೋ ದನಿಯ ಹಾಗೆ. ಒಬ್ಬ ಮನುಷ್ಯ ಹುಲ್ಲು ಕೊಯ್ದುಕೊಂಡು ಬರುತ್ತಿದ್ದ, ಅವನು ನಮ್ಮಪ್ಪ ಎಂದು ಶುರು ಮಾಡಿದೆ. ನೀನು ಗಾಡಿ ನಿಲ್ಲಿಸುವ ತನಕ ಹೇಳಿದೆ. ಆಮೇಲೆ ಮಾತು ನಿಂತುಹೋಯಿತು. ಬಾಯಿಪಾಠ ಮಾಡಿದ್ದೆಲ್ಲ ಅಳಿಸಿಹೋಗಿತ್ತು. ಮೇಡಂ ಹೇಳಿದಂತೆ ಕೊನೆಯ ಸಾಲಿನ ಕಡೆ ನೋಡಿದೆ. ಅದರಾಚೆ ಗೇಟು. ಗೇಟಿನ ಹೊರಗೆ ಯಾರೋ ಮೊಪೆಡ್ ನಿಲ್ಲಿಸಿದ್ದರು. ಇಂಜಿನ್ ಗುಟುಗುಟು ಎನ್ನುತ್ತಿತ್ತು. ಹತ್ತಿರದಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಬಿಸಿಲಿಗೆ ಎದುರಾಗಿದ್ದರಿಂದ ಮುಖ ಕಾಣಲಿಲ್ಲ. ಅಂಗಿ ಮೈಗೆ ಅಂಟಿಕೊಂಡಿತ್ತು ಅನ್ನಿಸಿತು.

ಅದು ನೀನಾ, ಅಪ್ಪ? ಯಾರದ್ದೋ ಮಗುವನ್ನು ಬಿಡಲು ಬಂದ ತಂದೆಯೇ ಇರಬೇಕು. ಬೆವರಿದ್ದನೇನೋ. ನಾನು ಆಮೇಲೂ ಯಾರನ್ನೂ ಕೇಳಲಿಲ್ಲ.

"ಗಾಡಿ ಚಾಲೂ ಇತ್ತು," ಎಂದೆ ಮೈಕಿನಲ್ಲಿ. ಬರೆದದ್ದರಲ್ಲಿ ಆ ಮಾತಿರಲಿಲ್ಲ. ಅಲ್ಲಿಂದ ಮುಂದೆ ತಾನಾಗಿ ಬಂತು. ಗಾಡಿಯ ಮೇಲೆ ಹಗ್ಗವಿತ್ತು ಎಂದೆ. ನಮ್ಮಪ್ಪನಿಗೆ ಮಗು ಕಂಡಿತು, ಹಗ್ಗ ಕಾಣಲಿಲ್ಲ ಎಂದೆ. ಗದ್ದೆಯ ಹೆಂಗಸರು ನೀರಿಗಿಳಿಯಲಿಲ್ಲ, ಸೀರೆ ಎಸೆದರು, ಆ ಸೀರೆ ಮಗುವನ್ನು ದಡಕ್ಕೆ ತಂದಿತು ಎಂದೆ. "ಕಾಲು ಜಾರೋದು ಯಾರ ತಪ್ಪೂ ಅಲ್ಲ. ನಮ್ಮಪ್ಪ ಆ ಹುಡುಗನಿಂದ ಸಾಯಲಿಲ್ಲ, ನೀರಿನಿಂದ ಸತ್ತ. ಆ ಹುಡುಗ ಬದುಕಿರೋದು ನನಗೆ ಬೇಕು." ಇದನ್ನು ಹೇಳುವಾಗ ಆರನೇ ತರಗತಿಯ ಸಾಲಿನ ಕಡೆ ನೋಡಲಿಲ್ಲ, ಬೇಕೆಂದೇ. ಕೊನೆಗೆ ಒಂದೇ ಮಾತು: ಯಾರಾದರೂ ನೀರಿಗೆ ಬಿದ್ದರೆ ಹಾರಬೇಡಿ, ಕೂಗಿ ಜನ ಕರೆಯಿರಿ, ಹಿಡಿಯಲು ಏನಾದರೂ ಎಸೆಯಿರಿ. ಧನ್ಯವಾದ.

ಚಪ್ಪಾಳೆ ಬರಲಿಲ್ಲ. ಚಿಂತನ ಮುಗಿದ ಮೇಲೆ ಹೆಡ್‌ಮಾಸ್ಟರ್ ಯಾವಾಗಲೂ ಎರಡು ಮಾತು ಸೇರಿಸುತ್ತಾರೆ. ಅವತ್ತು ಮೈಕ್ ತೆಗೆದುಕೊಂಡು, ಕನ್ನಡಕ ಒರೆಸಿಕೊಂಡು, ರಾಷ್ಟ್ರಗೀತೆ ಎಂದಷ್ಟೇ ಹೇಳಿದರು. ಹಾಡು ಮುಗಿಯುವಾಗ ಗೇಟಿನ ಕಡೆ ನೋಡಿದೆ. ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಒಂದನೇ ತರಗತಿಯ ಮುಂದೆ ಮೈಕ್ ಹಿಡಿದರು. ನಿನ್ನೆ ಅಕ್ಕ ಏನು ಹೇಳಿದಳು? ಎರಡು ಜಡೆಯ ಒಂದು ಹುಡುಗಿ ಕೈಯೆತ್ತಿ, "ಜಿಗೀಬಾರ್ದು ರೀ. ಒದರಬೇಕು. ಅವ್ವನ ಸೀರಿ ಒಗೀಬೇಕು," ಎಂದಳು. ಸಾಲುಗಳಲ್ಲೆಲ್ಲ ನಗು ಹರಿಯಿತು. ನಾನೂ ನಕ್ಕೆ. ನೀನು ಹೋದ ಮೇಲೆ ಶಾಲೆಯಲ್ಲಿ ನಕ್ಕದ್ದು ಅದೇ ಮೊದಲು. ಆರನೇ ತರಗತಿಯ ಸಾಲಿನಲ್ಲಿ ವೀರೇಶ ಮುಂದಿನವನ ಹೆಗಲಿಗೆ ಕೈ ತಾಗುವಷ್ಟು ಹತ್ತಿರ ನಿಂತಿದ್ದ. ಯಾರು ಅವನನ್ನು ಮುಂದೆ ಕರೆದರೋ ಗೊತ್ತಿಲ್ಲ.

ಆ ಭಾನುವಾರ ನಮ್ಮ ಬಾಗಿಲಲ್ಲಿ ಹುಲಿಗೆಮ್ಮ ನಿಂತಿದ್ದಳು, ಹಿಂದೆ ವೀರೇಶ. ಅವ್ವ ಎದ್ದು ನಿಂತಳು. "ಒಳಗ ಬರ್ರಿ, ಕುಂದ್ರಿ," ಎಂದಳು ಅವ್ವ, ಅಷ್ಟೇ. ಹುಲಿಗೆಮ್ಮ ಹೊಸ್ತಿಲು ದಾಟುವಾಗಲೇ ಅತ್ತುಬಿಟ್ಟಳು. ಅವರಿಬ್ಬರೂ ಒಳಗೆ ಹೋದರು. ವೀರೇಶ ಮಾತ್ರ ಪಡಸಾಲೆಯಲ್ಲಿ ನನ್ನೆದುರು ಕೂತು, ನೆಲ ನೋಡುತ್ತಾ, ಯಾರಿಗೂ ಹೇಳದಿದ್ದ ಮಾತು ಹೇಳಿದ. ನೀರಿನಲ್ಲಿ ಅವನು ನಿನ್ನ ಕುತ್ತಿಗೆ ಬಿಗಿಯಾಗಿ ಹಿಡಿದುಕೊಂಡಿದ್ದನಂತೆ. ಅದರಿಂದಲೇ ನೀನು ಮುಳುಗಿದೆ ಎಂದು ಅವನು ಅಷ್ಟು ದಿನ ನಂಬಿಕೊಂಡಿದ್ದ.

"ಕೊಳ್ಳು ಬಿಡಲೇ, ಅಂಗಿ ಹಿಡಿ ಅಂದ್ರು. ಬಿಟ್ಟೆ ಅಕ್ಕ. ಆಮ್ಯಾಲೆ, ಅಗೋ ನಿಮ್ಮವ್ವ ಸೀರಿ ತರ್ಲಿಕತ್ತ್ಯಾಳ, ಅದನ್ನ ಹಿಡಿ, ನನ್ನ ಬಿಡು ಅಂದ್ರು."

ನಾನು ಅವನನ್ನು ಎಷ್ಟು ಸಲ ಅದೇ ಮಾತು ಹೇಳಿಸಿದೆನೋ. ಅಪ್ಪ, ಆ ಗುಟುಗುಟು ಸದ್ದಿನ ಜೊತೆ ನನ್ನನ್ನು ತಿನ್ನುತ್ತಿದ್ದ ಪ್ರಶ್ನೆ ಒಂದೇ ಆಗಿತ್ತು: ಹುಡುಗ ಬದುಕುತ್ತಾನೆಂದು ತಿಳಿಯದೆಯೇ ನೀನು ಮುಳುಗಿದೆಯಾ? ಎಲ್ಲವೂ ದಂಡವಾಯಿತು ಎಂದುಕೊಂಡೇ ಹೋದೆಯಾ? ಹಾಗಲ್ಲ. ಸೀರೆ ಬರುವುದನ್ನು ನೀನು ನೋಡಿದ್ದೆ. ನೀನು ಅವನಿಗೆ ಕುತ್ತಿಗೆ ಬಿಡು ಎಂದೆ, ಅವನು ಬಿಟ್ಟ. ಅವನ ತಪ್ಪು ಎಲ್ಲಿಯೂ ಇರಲಿಲ್ಲ. ಅದನ್ನು ಅವನಿಗೆ ಹೇಳಿದೆ. ನಮ್ಮಪ್ಪ ಹೇಳಿದ ಮಾತು ಕೇಳಿದ್ದಕ್ಕೇ ನೀನು ಬದುಕಿದೆ ಕಣೋ ಎಂದೆ. ಅವನು ಮೊದಲ ಸಲ ನನ್ನ ಮುಖ ನೋಡಿದ. ಒಳಗಿಂದ ಅವ್ವ ಅವನನ್ನು ರೊಟ್ಟಿ ತಿನ್ನಲು ಕರೆದಳು.

ಇನ್ನು ನಿನಗೆ ಹೇಳಬೇಕಾದ ಸುದ್ದಿ. ನಾನು ಶಾಲೆ ಬಿಡುವ ಮೊದಲು, ಒಂದು ಶನಿವಾರ, ಮೇಡಂ ಮತ್ತು ನಾಟಿಯ ಹೆಂಗಸರು ಸೇರಿ ಕಾಲುವೆ ಏರಿಯ ಬೇವಿನ ಮರಕ್ಕೆ ಒಂದು ಉದ್ದ ಹಗ್ಗ ಕಟ್ಟಿದರು. ಅದರ ತುದಿಗೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು, ಎಸೆದರೆ ತೇಲಲೆಂದು. ನೋಡಲು ಚೆನ್ನಾಗಿಲ್ಲ. ಒಮ್ಮೆ ಯಾರೋ ಹಗ್ಗ ಬಿಚ್ಚಿಕೊಂಡು ಹೋದರು, ಹುಲಿಗೆಮ್ಮ ಬೈದಾಡಿ ಹೊಸದು ತಂದು ಕಟ್ಟಿದಳು. ಇವತ್ತಿನ ತನಕ ಅದನ್ನು ಎಸೆಯುವ ಪ್ರಸಂಗ ಬಂದಿಲ್ಲ. ಬಾರದಿರಲಿ. ಗಾಡಿಯ ಸದ್ದು ನನಗೆ ಈಗಲೂ ಕೇಳುತ್ತದೆ, ಅಪ್ಪ. ಕಡಿಮೆಯಾಗಿದೆ, ನಿಂತಿಲ್ಲ. ನಿಲ್ಲಲಿ ಎಂದು ಬೇಡಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಅದೂ ಹೋದರೆ ನೀನು...

ಅವ್ವನಿಗೆ ಒಂದು ಮಾತು ಕೊಟ್ಟಿದ್ದೇನೆ, ನಿನಗೂ ಕೊಡುತ್ತಿದ್ದೇನೆ. ಸಿಟ್ಟಾಗಬೇಡ. ಯಾರಾದರೂ ನೀರಿನಲ್ಲಿ ಕೈ ಬಡಿಯುವುದು ಕಂಡರೆ ನಾನು ನಿನ್ನ ಹಾಗೆ ಹಾರುವುದಿಲ್ಲ. ಆದರೆ ನಿನ್ನ ಹಾಗೆಯೇ ನಿಲ್ಲುತ್ತೇನೆ. ನೋಡಿಯೂ ನೋಡದ ಹಾಗೆ ಗಾಡಿ ಓಡಿಸಿಕೊಂಡು ಹೋಗುವವಳು ನಿನ್ನ ಮಗಳಲ್ಲ. ನಿಂತು, ಗಂಟಲು ಹರಿಯುವ ಹಾಗೆ ಕೂಗಿ, ಕೈಗೆ ಸಿಕ್ಕಿದ್ದನ್ನು ಎಸೆದು, ಅವರನ್ನು ದಡಕ್ಕೆಳೆದು, ಆಮೇಲೆ ಅವ್ವನ ಹತ್ತಿರ ಮನೆಗೆ ಬರುತ್ತೇನೆ.

ನಿನ್ನ,
ರೇಣಿ